ಯಾದಿ

ನನ್ನ ಬಲಗೈ ಹೆಬ್ಬೆರಳು ಇನ್ನೂ ನೋಯುತ್ತಿದೆ. ಹೋದ ರವಿವಾರ ಬಾಗಲಕೋಟೆಯಿಂದ ಬೆಳಗಾವಿಗೆ ಮಧ್ಯಾಹ್ನ ಹನ್ನೆರಡರ ಬಸ್ಸಿಗೆ ಹೊರಡಬೇಕಾದವಳು ಸಂಜೆ ಐದಕ್ಕೆ ಹೊರಟೆ. ಬಸ್ಸು ತಡ ಆಗಲಿಲ್ಲ, ಮಳೆಯೂ ಬರಲಿಲ್ಲ. ನಮ್ಮ ಆಯಿ, ಅಂದರೆ ಅಜ್ಜಿ, ನನಗೆ ತನ್ನ ಟ್ರಂಕು ಕೊಟ್ಟಳು, ಅಷ್ಟೇ.

ಬೆಳಗಾವಿಯಲ್ಲಿ ಹೊಸದಾಗಿ ಬಾಡಿಗೆ ಮನೆ ಮಾಡಿದ್ದೇನೆ. "ಟ್ರಂಕು ನಿನಗ ಒಯ್ಯವಾ" ಅಂತ ಆಯಿ ಫೋನಿನಲ್ಲೇ ಹೇಳಿದ್ದಳು. ಹೋಗುವುದು, ಎತ್ತಿಕೊಳ್ಳುವುದು, ಬರುವುದು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಪಡಸಾಲೆಯ ನಡುವೆ ಟ್ರಂಕು, ಅದರ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು, ಅದರ ಮೇಲೆ ಪೆನ್ನು.

"ಕುಂದ್ರು. ಯಾದಿ ಮಾಡೂಣು."

"ಆಯಿ, ಒಳಗಿಂದು ನಾ ಅಲ್ಲೇ ಹೋಗಿ ನೋಡ್ತೀನಿ ಬಿಡು. ಹನ್ನೆರಡಕ್ಕ ಬಸ್ಸೈತಿ."

"ಬಸ್ಸು ದಿನಾ ಇರ್ತೈತಿ. ಬರಿ. ಒಂದು."

ಒಂದು, ಇಳಕಲ್ ಸೀರೆ, ಗೋಮಿ ದಡಿ, ಅರಿಷಿಣ ಮೈ, ಅವಳ ಮದುವೆಯದ್ದು. ನಾನು "ಸೀರೆ, ಹಳದಿ" ಅಂತ ಬರೆದೆ. ಆಯಿಗೆ ಓದಲು ಬರುವುದಿಲ್ಲ ಅಂತ ತಿಳಿದವರು ಮೋಸ ಹೋಗುತ್ತಾರೆ. "ಇಷ್ಟs ಬರದೀಯೇನ? ದಡಿ ಎಲ್ಲಿ?" ಅಂದಳು. ಬರೆದ ಉದ್ದ ನೋಡಿಯೇ ಹಿಡಿದುಬಿಟ್ಟಿದ್ದಳು.

ಆಮೇಲೆ ನನ್ನ ಉಗುರು ಹಿಡಿದು ಮೈ ಮತ್ತು ಸೆರಗು ಕೂಡುವ ಜಾಗದ ಮೇಲೆ ಎಳೆಸಿದಳು. ಸಣ್ಣಗೆ ಏನೋ ತೊಡರಿತು. ಮೈಗೆ ಹತ್ತಿ ನೂಲಿನ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡೂ ಬೇರೆ. ಒಂದೊಂದೇ ಎಳೆಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. "ಇದು ತೊಡರ್ಲಿಲ್ಲ ಅಂದ್ರ ಅಂಗಡ್ಯಾಂವ ಏನs ಹೇಳ್ಲಿ, ವಾಪಸ್ ಕೊಟ್ಟು ಬಾ." ಇದು ಕಲಿಯಬೇಕಾದ ವಿಷಯವೇ, ಒಪ್ಪುತ್ತೇನೆ. ಆದರೆ ಹನ್ನೆರಡೂ ಕಾಲಾಗಿತ್ತು. ಬಸ್ಸು ನವನಗರ ದಾಟಿ ಹೋಗಿತ್ತು.

ಆ ಸೀರೆ ಸೆರಗಿನಲ್ಲಿ ಸೀಳಿದೆ. ಹುಳ ತಿಂದಿಲ್ಲ, ಮಡಿಕೆ ತಿಂದಿದೆ. ಇಪ್ಪತ್ತು ವರ್ಷ ಒಂದೇ ಗೆರೆಗೆ ಮಡಚಿಟ್ಟದ್ದಕ್ಕೆ ರೇಷ್ಮೆ ಆ ಗೆರೆಯಲ್ಲೇ ಪಟಪಟ ಹರಿದಿದೆ. ಅಂದಿನಿಂದ ಆಯಿ ದೀಪಾವಳಿ ಮುಗಿದ ಮೇಲೆ ಎಲ್ಲ ಸೀರೆ ಬಿಚ್ಚಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಗೆರೆಗೆ ಮಡಚಿ, ಮುತ್ಯಾನ ಹಳೇ ಧೋತರದಲ್ಲಿ ಸುತ್ತಿ ಇಡುತ್ತಾಳೆ. ಡಾಂಬರು ಗುಳಿಗೆಯನ್ನು ಅರಿವೆಯಲ್ಲಿ ಕಟ್ಟಿ ಮೂಲೆಗೆ, ಸೀರೆಗೆ ತಾಗದ ಹಾಗೆ. ಇದನ್ನೂ ಯಾದಿಯಲ್ಲಿ ಬರೆಸಿದಳು. ಐಟಂ ನಂಬರ್ ಎಂಟು, "ಗುಳಿಗಿ, ನಾಕು, ಅರ್ಧಾ ಸವದಾವು".

ಹಳೇ ಐನೂರರ ನೋಟು ಮೂರು ಸಿಕ್ಕವು. "ಇವು ನಡಿಯಂಗಿಲ್ಲ ಆಯಿ, 2016ರಾಗs ಬಂದ್ ಆದ್ವು" ಅಂದೆ. "ನಡೀಲಿ ಬಿಡ್ಲಿ, ಇದಾವಿಲ್ಲೋ? ಬರಿ."

ಆಮೇಲೆ ಖಣಗಳು, ಅಂದರೆ ರವಿಕೆ ಬಟ್ಟೆಯ ತುಂಡುಗಳು, ಬಂದವು. ನನ್ನ ಹೆಬ್ಬೆರಳು ಸತ್ತದ್ದು ಇಲ್ಲಿ.

ನಮ್ಮ ಕಡೆ ಯಾರ ಮನೆಗೆ ಹೋದರೂ ಉಡಿ ತುಂಬುತ್ತಾರೆ, ಉಡಿಯಲ್ಲೊಂದು ಖಣ ಇದ್ದೇ ಇರುತ್ತದೆ. ಆಯಿಯ ಟ್ರಂಕಿನಲ್ಲಿ ನಲವತ್ತಮೂರು. ಅವುಗಳಲ್ಲಿ ಎರಡು ಜಾತಿ. ಹೊಲಿಸೋ ಖಣ ಮತ್ತು ಕೊಡೋ ಖಣ. ಹೊಲಿಸೋ ಖಣ ಅಂದರೆ ಗುಳೇದಗುಡ್ಡದ ಕೈಮಗ್ಗದ್ದು, ತೇರು ತೊಟ್ಟಿಲು ನೇಯ್ದದ್ದು, ಅಗಲ ಎರಡು ಮೊಳಕ್ಕೂ ಕಮ್ಮಿ. ಅವು ಒಂಬತ್ತು. ಉಳಿದ ಮೂವತ್ತನಾಲ್ಕು ಕೊಡೋ ಖಣ. ಗಾಜಿನ ಹಾಗೆ ಜಾರುವ ಮಷೀನ್ ಬಟ್ಟೆ. ಅದನ್ನು ಯಾರೂ ಯಾವತ್ತೂ ಹೊಲಿಸಿದ್ದಿಲ್ಲ. ಒಬ್ಬರು ಕೊಡುತ್ತಾರೆ, ತಗೊಂಡವರು ಇನ್ನೊಬ್ಬರಿಗೆ ಕೊಡುತ್ತಾರೆ, ಹೀಗೇ ತಿರುಗುತ್ತಿರುತ್ತದೆ. ನಿಮ್ಮ ಮನೆಯಲ್ಲೂ ಒಂದು ಗಂಟು ಇರಬೇಕಲ್ವಾ?

ಮೂವತ್ತನಾಲ್ಕಕ್ಕೂ ಕೊಟ್ಟವರ ಹೆಸರು, ಊರು, ಕಾರಣ ಬರೆಸಿದಳು. "ಕೆರೂರ ಕಾಕಿ, ಮನಿ ಶಾಂತಿ." "ಬೀಳಗಿ ಬೀಗತಿ, ನಿಮ್ಮವ್ವನ ಕುಬಸ, ಕಂಜೂಸಿ." ಕಂಜೂಸಿ ಅನ್ನೋದನ್ನೂ ಬರೆಯಬೇಕಾ ಅಂತ ಕೇಳಿದೆ. "ಮತ್ತ?" ಅಂದಳು.

ಇಪ್ಪತ್ತೇಳನೆಯದು ಒಂದು ಬದನೇಕಾಯಿ ಬಣ್ಣದ ಖಣ. ಕೈಗೆ ತಗೊಂಡ ಆಯಿ ಸುಮ್ಮನಾದಳು. ತಿರುಗಿಸಿದಳು, ಮೂಸಿದಳು, ಕನ್ನಡಕ ಏರಿಸಿ ಮೂಲೆ ಹುಡುಕಿದಳು. ಅಲ್ಲಿ ಕೆಂಪು ದಾರದ ಒಂದು ಸಣ್ಣ ಗಂಟು.

"ಇದು ನಂದು!"

"ನಿಂದs ಆಯಿ, ನಿನ್ನ ಟ್ರಂಕಿನ್ಯಾಗ ಐತಿ."

"ಅಲ್ಲವಾ, ಇದನ್ನ ನಾ ಕೊಟ್ಟಿದ್ದೆ! ಗಂಟು ನಾನs ಹಾಕೀನಿ!"

ಕೊಡೋ ಖಣಗಳಿಗೆ ಆಯಿ ಗುರುತು ಹಾಕುತ್ತಾಳೆ ಅನ್ನೋದು ಅರವತ್ತೆಂಟು ವರ್ಷದ ಈ ಸಂಸಾರಸ್ಥೆಯ ಬಗ್ಗೆ ನನಗೆ ಮೊದಲ ಸಲ ಗೊತ್ತಾಯಿತು. ಅಲ್ಲಿಂದ ತನಿಖೆ ಶುರುವಾಯಿತು. ಕೆರೂರ ಕಾಕಿಗೆ ಕೊಟ್ಟದ್ದು. ಕಾಕಿ ಅದನ್ನು ಬಾದಾಮಿಯ ನಾದಿನಿಗೆ ಕೊಟ್ಟಿರಬೇಕು, ಯಾಕಂದರೆ ಆ ವರ್ಷ ನಾದಿನಿ ಮಗಳ ಮದುವೆ. ನಾದಿನಿಯ ತಂಗಿ ಗುಳೇದಗುಡ್ಡದಲ್ಲಿ. ಅಲ್ಲಿಗೂ ಹೋಗಿರಬೇಕು. ಖಣದ ಊರಿಗೇ ಮಷೀನ್ ಖಣ ಕೊಟ್ಟು ಬಂದ ಆ ಧೈರ್ಯವಂತೆ ಯಾರೋ ಕಾಣೆ. ಆ ತಂಗಿಯ ಸೊಸೆ ಬೀಳಗಿಯವಳು. ಬೀಳಗಿ ಅಂದಕೂಡಲೇ ಆಯಿ ಎರಡೂ ಕೈ ತೊಡೆಗೆ ಬಡಿದುಕೊಂಡಳು. "ಬೀಗತಿ! ಅಕೀನs ತಂದು ನನ್ನ ಉಡ್ಯಾಗ ಹಾಕ್ಯಾಳ!" ಬೆರಳು ಮಡಚಿ ಲೆಕ್ಕ ಹಾಕುವ ಹೊತ್ತಿಗೆ ಎರಡೂವರೆ. ಇನ್ನೊಂದು ಬಸ್ಸೂ ಹೋಗಿತ್ತು. ಇಷ್ಟು ಮನೆ ಸುತ್ತಿ ಬಂದ ಆ ಖಣದ ಮಡಿಕೆ ಮಾತ್ರ ಬಿಚ್ಚಿರಲಿಲ್ಲ.

"ಇದನ್ನ ಬೆಳಗಾವ್ಯಾಗ ಯಾರಿಗರೆ ಕೊಡು. ದೂರ ಹೋಗ್ಲಿ ಹಾಳಾದ್ದು. ಗಂಟು ಮಾತ್ರ ಬಿಚ್ಚಬ್ಯಾಡ."

ನನಗೆ ಸಿಟ್ಟು ಬಂತು. "ಆಯಿ, ಕೊಡೋದು ಕೊಡಾತಿ. ಈ ಲೆಕ್ಕ ಯಾಕ? ನಾ ಏನ್ ಕಳ್ಳೇನು?" ಅಂದುಬಿಟ್ಟೆ. ಜೋರಾಗಿಯೇ ಅಂದೆ.

ಆಯಿ ಧೋತರದ ತುಂಡು ಮಡಚುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು.

ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಗೆ ಬರುತ್ತದೆ ಅಂತಾದಾಗ ಮನೆ ಅಳೆಯಲು ಬಂದಿದ್ದರಂತೆ. ಟೇಪು ಹಿಡಿದು ಗೋಡೆ ಅಳೆದರು. ಬಾಗಿಲು ಎಷ್ಟು, ಕಿಟಕಿ ಎಷ್ಟು, ತೊಲೆ ಎಷ್ಟು, ಜಂತಿ ಎಷ್ಟು, ಎಲ್ಲ ಬರೆದರು. ಹಿತ್ತಲಿನ ನುಗ್ಗಿ ಗಿಡ ಬರೆಯುವುದು ಬಿಟ್ಟುಹೋಯಿತು. ಆಯಿ ಮದುವೆಯಾಗಿ ಬಂದ ವರ್ಷ ನೆಟ್ಟ ಗಿಡ. ಓಣಿಯೆಲ್ಲ ಅದರ ಕಾಯಿ ತಿಂದಿತ್ತು. ಮುತ್ಯಾ ನಾಲ್ಕು ಸಲ ಹೋಗಿ ಕೇಳಿದ. ಯಾದಿಯಲ್ಲಿಲ್ಲ ಅಂದರು. ಗಿಡ ಎದುರಿಗೇ ನಿಂತಿತ್ತು, ಹೂ ಬಿಟ್ಟಿತ್ತು. ಆದರೂ ಇಲ್ಲ ಅಂದರು.

"ರೊಕ್ಕದ ಮಾತಲ್ಲವಾ. ಇದ್ದದ್ದನ್ನ ಇಲ್ಲ ಅಂದ್ರಲ್ಲ."

ನಾನು ಪೆನ್ನಿನ ಮುಚ್ಚಳ ತೆಗೆದೆ. ಇಪ್ಪತ್ತೆಂಟನೇ ಖಣ ಯಾರದು ಅಂತ ಕೇಳಿದೆ.

ನಾಲ್ಕೂವರೆಗೆ ನೂರಾ ಹನ್ನೊಂದು ಐಟಂ ಮುಗಿದವು. ಕೊನೆಯದು ಅರ್ಧ ರೀಲು ಕಪ್ಪು ದಾರ. ನನ್ನ ಸಹಿ ಆಯಿತು, ಆಯಿಯ ಹೆಬ್ಬೆಟ್ಟು ಆಯಿತು. ಅಪ್ಪ ಸಾಕ್ಷಿ. ಅಪ್ಪನೂ ನಾನೂ ಟ್ರಂಕಿನ ಆಚೀಚೆ ಕಡೆಯ ಹಿಡಿಕೆ ಹಿಡಿದು ಎತ್ತಿದೆವು. ಹೊಸ್ತಿಲ ತನಕ ಬಂದಿದ್ದೆವು.

"ತಡೀರಿ" ಅಂದಳು ಆಯಿ. "ಟ್ರಂಕು ಬರದೀಯೇನ?"

ಬರೆದಿರಲಿಲ್ಲ.

ಇಳಿಸಿದೆವು. ನೋಟ್‌ಬುಕ್ಕು ತೆಗೆದೆ. ನೂರಾ ಹನ್ನೆರಡು, ಟ್ರಂಕು, ಒಂದು.

"ಪತ್ರಾಸಿಂದಲ್ಲ, ಸ್ಟೀಲಿಂದು ಅಂತ ಬರಿ."