ಪೇಡಾ ಫೋಟೋ ಹಾಕಿದವರು ಯಾರು, ಉತ್ತರ ಕೊಡಿ

ಕೋಪ ಇನ್ನೂ ಇಳಿದಿಲ್ಲ. ಕಾಫಿ ಕುಡಿದೆ, ಸ್ನಾನ ಮಾಡಿದೆ, ಇಳಿಯಲಿಲ್ಲ. ಬೈದು ಬರೆದರಾದರೂ ಇಳಿಯುತ್ತಾ ನೋಡೋಣ.

ವಿದೇಶಕ್ಕೆ ಪಾರ್ಸೆಲ್ ಕಳಿಸುವ ಕೊರಿಯರ್ ಕಂಪನಿಯ ಆ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತೆ. ಹಳದಿ ಕೆಂಪು ಬಣ್ಣ, ರೇಷ್ಮೆ ಸೀರೆ ಉಟ್ಟ ಅಜ್ಜಿ ಒಬ್ಬರು ಡಬ್ಬಿ ಕಟ್ಟುತ್ತಿರುತ್ತಾರೆ. ಪಕ್ಕದಲ್ಲಿ ಸಿಡ್ನಿಯ ಒಪೆರಾ ಹೌಸ್. ಮಧ್ಯದಲ್ಲಿ ತಟ್ಟೆ ತುಂಬ ಧಾರವಾಡ ಪೇಡಾ. ಕೆಳಗೆ 'ಕಸ್ಟಮ್ಸ್ ಗ್ಯಾರಂಟಿ', 'ಸರ್ಕಾರಿ ನೋಂದಣಿ', ಕೆಜಿಗೆ 550 ರೂಪಾಯಿ. ಮಕ್ಕಳನ್ನು ಊರಿಗೆ ಕರೆಸುವ ಟಿಕೆಟ್ಟೂ ಅವರೇ ಮಾಡಿಸುತ್ತಾರಂತೆ. ಅದರ ಕತೆ ಬಿಡಿ, ಪಾರ್ಸೆಲ್ಲೇ ಸಾಕಾಯಿತು.

ಜಯನಗರದಲ್ಲಿ ಅವರ ಅಂಗಡಿ. ಮುಂದೆ ಮೂರು ಜನ, ಹಿಂದೆ ನಾಲ್ಕು ಜನ. ಮೆಲ್ಬೋರ್ನಿನ ಮಗಳಿಗೆ ಅಂತ ಕಟ್ಟಿದ ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟೆ. ಕೌಂಟರಿನ ಹುಡುಗ ಟೇಪನ್ನು ಬ್ಲೇಡಿನಿಂದ ಸರ್ರನೆ ಸೀಳಿದ. ಹಿಂದಿನ ರಾತ್ರಿ ಕೂತು ನಾನೇ ಸುತ್ತಿದ ಟೇಪು. ಒಂದೊಂದೇ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಮೇಲೆ ಹಿಡಿದ. ಬಳೆ, ಸರಿ. ಕಣ, ಸರಿ. ಚಕ್ಕುಲಿ, ಸರಿ. ಪೇಡಾ ಪೊಟ್ಟಣ ಕೈಗೆ ಸಿಕ್ಕಿತು ನೋಡಿ, ಒಳಗಿದ್ದವರಿಗೆ ಕೇಳುವ ಹಾಗೆ 'ಸಾರ್, ಆಸ್ಟ್ರೇಲಿಯಾಗೆ ಪೇಡಾ ಅಂತೆ' ಎಂದ. ಒಳಗಿಂದ ನಗು. ನನ್ನ ಹಿಂದಿದ್ದ ಹುಡುಗಿಯೂ ನಕ್ಕಳು. ಆಮೇಲೆ ಅವನು ನನ್ನ ಕಡೆ ತಿರುಗಿ, 'ಆಂಟಿ, ಹಾಲಿನ ಐಟಂ ಹೋಗಲ್ಲ, ಇಷ್ಟೂ ಗೊತ್ತಿಲ್ವಾ?'

ಅವನ ತಲೆಯ ಮೇಲೆ ಗೋಡೆಯಲ್ಲಿ ಅದೇ ಜಾಹೀರಾತಿನ ದೊಡ್ಡ ಪೋಸ್ಟರ್ ಇತ್ತು. ಅದೇ ಪೇಡಾ. ನಾನು ಬೆರಳು ತೋರಿಸಿದೆ. ಅವನು ತಿರುಗಿ ನೋಡಿ, 'ಅದು ಸುಮ್ನೆ ಫೋಟೋ ಆಂಟಿ' ಎಂದ.

ಸುಮ್ನೆ ಫೋಟೋ!

ಮನೆಗೆ ಬಂದು ಓದಿದೆ. ಹುಡುಗ ಹೇಳಿದ್ದು ನಿಜವೇ. ಅದೇ ಜಾಸ್ತಿ ಉರಿಯುವುದು. ನಮ್ಮಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಬರುತ್ತದಲ್ವಾ, ಅದು ಆಸ್ಟ್ರೇಲಿಯಾದಲ್ಲಿ 1872ರಿಂದ ಈಚೆಗೆ ಇಲ್ಲ. ರೋಗದ ವೈರಸ್ ಹಾಲಿನ ಪದಾರ್ಥದಲ್ಲೂ ಹೋಗಬಹುದು ಅಂತ ಅವರಿಗೆ ಭಯ. ಅವರ ಕೃಷಿ ಇಲಾಖೆ ಪ್ರತಿ ದೀಪಾವಳಿಗೂ ಎಚ್ಚರಿಕೆ ಕೊಡುತ್ತದೆ. ಬರ್ಫಿ, ರಸಮಲೈ, ಗುಲಾಬ್ ಜಾಮೂನ್, ಪೇಡಾ ಎಲ್ಲ ಹೆಸರು ಹಿಡಿದು ಬೇಡ ಅನ್ನುತ್ತದೆ. ಅಂಚೆಯಲ್ಲಿ ಬಂದದ್ದನ್ನು ಎಕ್ಸ್‌ರೇ ಮಾಡುತ್ತಾರೆ, ನಾಯಿ ಬಿಟ್ಟು ಮೂಸಿಸುತ್ತಾರೆ. ಸಿಕ್ಕಿದರೆ ಹಿಡಿದಿಟ್ಟುಕೊಳ್ಳುತ್ತಾರೆ. ಅವರ ದನ, ಅವರ ಭಯ. ನಾನೇನು ಅವರನ್ನು ಬೈಯುತ್ತಿಲ್ಲ. ಆ ದೇಶದ ಇಲಾಖೆ ಪೇಡಾ ಹೆಸರು ಗೊತ್ತು ಮಾಡಿಕೊಂಡಿದೆ, ನಮ್ಮ ಜಯನಗರದ ಅಂಗಡಿಗೆ ಗೋಡೆಯಿಂದ ಅದರ ಫೋಟೋ ತೆಗೆದುಹಾಕಲು ಆಗಲಿಲ್ಲ.

ಕೊಬ್ಬರಿಯೂ ಹೊರಗೆ ಬಂತು. ಮಡಿಲು ತುಂಬಲು ಅಂತ ಗಾಂಧಿಬಜಾರಿನಲ್ಲಿ ಆರಿಸಿ ಆರಿಸಿ ತಂದ ತಿಪಟೂರು ಕೊಬ್ಬರಿ ಬಟ್ಟಲು. ಅದಕ್ಕೆ ದೇಶವೇ ಬೇಕಿಲ್ಲ, ವಿಮಾನದ್ದೇ ತಕರಾರು. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುತ್ತೆ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ಜೀವಮಾನವಿಡೀ ಅಡುಗೆಮನೆಯ ಡಬ್ಬದಲ್ಲಿ ಇಟ್ಟುಕೊಂಡಿದ್ದೆ, ಪುಣ್ಯಕ್ಕೆ ಮನೆ ಉಳಿದಿದೆ.

ಈಗ ತೂಕದ ವಿಷಯಕ್ಕೆ ಬನ್ನಿ. ಡಬ್ಬಿ 9 ಕೆಜಿ ಇತ್ತು. ಕೆಜಿಗೆ 550 ಅಂದರೆ 4,950. ಅಷ್ಟು ಲೆಕ್ಕ ನನಗೂ ಬರುತ್ತೆ. ಹುಡುಗ ಟೇಪ್ ತಂದು ಡಬ್ಬಿ ಅಳೆದ. ಉದ್ದ 50 ಸೆಂಟಿಮೀಟರ್, ಅಗಲ 40, ಎತ್ತರ 40. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದ. 16 ಬಂತು. 'ಆಂಟಿ, 16 ಕೆಜಿ.' ತಕ್ಕಡಿ 9 ಅನ್ನುತ್ತಿದೆ, ಇವನು 16 ಅನ್ನುತ್ತಿದ್ದಾನೆ. ವಾಲ್ಯೂಮೆಟ್ರಿಕ್ ಅಂತೆ. ವಿಮಾನದಲ್ಲಿ ಹಿಡಿಯುವ ಜಾಗಕ್ಕೂ ಲೆಕ್ಕ. ನಿಜವಾದ ತೂಕ, ಜಾಗದ ತೂಕ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಕೊರಿಯರ್‌ನವರೆಲ್ಲ ಹೀಗೇ ಮಾಡುತ್ತಾರಂತೆ. ಇರಲಿ. ಹಾಗಾದರೆ 'ಕೆಜಿಗೆ 550' ಪಕ್ಕದಲ್ಲಿ ಅದನ್ನು ಬರೆಯೋದಕ್ಕೆ ಏನು ಕಷ್ಟ?

ಮಜಾ ಇಲ್ಲಿದೆ. ಪೇಡಾ ಹೋಯಿತು, ಕೊಬ್ಬರಿ ಹೋಯಿತು, ಡಬ್ಬಿ 6 ಕೆಜಿಗೆ ಇಳಿಯಿತು. ದುಡ್ಡು ಒಂದು ರೂಪಾಯಿ ಇಳಿಯಲಿಲ್ಲ! ಡಬ್ಬಿಯ ಅಳತೆ ಅದೇ ತಾನೆ. ಚಿಕ್ಕ ಡಬ್ಬಿ ಕೊಡಪ್ಪಾ ಅಂದರೆ ಸ್ಟಾಕ್ ಇಲ್ಲ. 16 ಇಂಟು 550, 8,800. ಮೇಲೆ ಶೇಕಡ 18 ಜಿಎಸ್‌ಟಿ. ಒಟ್ಟು 10,384. ನನ್ನ ಚಕ್ಕುಲಿಯ ಒಳಗಿನ ತೂತುಗಳೆಲ್ಲ ವಿಮಾನದ ಟಿಕೆಟ್ ತಗೊಂಡು ಮೆಲ್ಬೋರ್ನಿಗೆ ಹೊರಟಿವೆ. ಕೋಡುಬಳೆಯೂ ಮಾಡಿದ್ದೆ. ಅದರ ತೂತು ಇನ್ನೂ ದೊಡ್ಡದು.

ಕಟ್ಟಿದೆ. ಹೌದು, ಕಟ್ಟಿದೆ. ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕಾರ್ಡ್ ಉಜ್ಜಿದೆ. ಚಕ್ಕುಲಿ ವಾಪಸ್ ಹೊತ್ತುಕೊಂಡು ಬಂದು ಏನು ಮಾಡಲಿ? ಇವರಿಗೆ ಶುಗರ್ ಜೊತೆಗೆ ಬಿಪಿ ಬೇರೆ.

ರಸೀದಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲು ಇದೆ. ತಲುಪುವ ದೇಶದ ನಿಯಮಗಳಿಗೆ ಕಳುಹಿಸಿದವರೇ ಜವಾಬ್ದಾರರು, ವಶಪಡಿಸಿಕೊಂಡರೆ ಹಣ ವಾಪಸ್ ಇಲ್ಲ. ಮುಂದೆ ಗ್ಯಾರಂಟಿ, ಹಿಂದೆ ಕೈ ತೊಳೆದದ್ದು. ಬೇರೆ ದೇಶದ ಅಧಿಕಾರಿ ಏನು ಮಾಡುತ್ತಾನೆ ಅಂತ ಇವರು ಗ್ಯಾರಂಟಿ ಕೊಡುವುದಾದರೂ ಹೇಗೆ? ಆ 'ಸರ್ಕಾರಿ ನೋಂದಣಿ' ಅಂದರೆ ಏನು ಅಂತ ನೋಡಿದೆ. 29ರಿಂದ ಶುರುವಾಗುವ ಜಿಎಸ್‌ಟಿ ನಂಬರ್. 29 ಅಂದರೆ ಕರ್ನಾಟಕ, ಅಷ್ಟೇ. ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಗೂ ಅದು ಇದೆ. ಅದು ತೆರಿಗೆಯ ನಂಬರ್, ಪೇಡಾ ದಾಟಿಸುವ ಪರವಾನಗಿ ಅಲ್ಲ.

ತಂಗಿಯ ಫೋನಿಗೆ ಅದೇ ಜಾಹೀರಾತು ಲಂಡನ್ ಸೇತುವೆ ಹಾಕಿಕೊಂಡು ಬಂದಿದೆ, ಅದೇ ಪೇಡಾ. ನಮ್ಮಿಂದ ಬ್ರಿಟನ್ನಿಗೂ ಹಾಲಿನ ಪದಾರ್ಥ ಕಳಿಸುವ ಹಾಗಿಲ್ಲ. ದುಬೈ ಜಾಹೀರಾತಿನಲ್ಲಿ ಬುರ್ಜ್ ಖಲೀಫಾ, ಕೆಳಗೆ 'ಹಬ್ಬದ ಅಡುಗೆ ಸಾಮಾನು ಕಿಟ್'. ಯಾರೋ ಪಾಪದ ತಾಯಿ ಅದನ್ನು ನಂಬಿ ಪಾಯಸಕ್ಕೆ ಇರಲಿ ಅಂತ ಗಸಗಸೆ ಹಾಕಿದರೆ? ಅಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ. ಅದು ದುಡ್ಡಿನ ಮಾತಲ್ಲ, ಮಗನ ಕೆಲಸ, ಜೈಲಿನ ಮಾತು. ಅಮೆರಿಕದವರದ್ದು ಬೇರೆಯೇ ತಲೆನೋವು. 800 ಡಾಲರ್‌ವರೆಗಿನ ಪಾರ್ಸೆಲ್‌ಗಿದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಹೋಯಿತು. ಇವರ ಪೋಸ್ಟರ್ ಮಾತ್ರ ಎಲ್ಲ ದೇಶಕ್ಕೂ ಒಂದೇ.

ಮಗಳಿಗೆ ಹೇಳಿದರೆ 'ಬಿಡಮ್ಮ, ಚಕ್ಕುಲಿ ಇಲ್ಲೇ ಇಂಡಿಯನ್ ಸ್ಟೋರಲ್ಲಿ ಸಿಗುತ್ತೆ' ಅಂದಳು. ಅದಕ್ಕೂ ಕೋಪ ಬಂತು.

ಹೋಗಲಿ ಬಿಡಿ, ದೊಡ್ಡ ವಿಷಯ ಅಲ್ಲ. ಅಲ್ಲ, ಹೇಗೆ ಬಿಡೋದು? ಆ ಕಂಪನಿಯವರೇ ಓದುತ್ತಿದ್ದರೆ ಕೇಳುತ್ತೇನೆ. ಆ ಒಪೆರಾ ಹೌಸ್ ಪಕ್ಕ 'ಹಾಲಿನ ಸಿಹಿ ಹೋಗಲ್ಲ' ಅಂತ, 550ರ ಪಕ್ಕ 'ಡಬ್ಬಿಯ ಅಳತೆಗೂ ದುಡ್ಡು' ಅಂತ, ಅದೇ ಗಾತ್ರದ ಅಕ್ಷರದಲ್ಲಿ ಯಾವತ್ತು ಬರೆಯುತ್ತೀರಿ? ಫೋನ್ ಮಾಡಿದರೆ 'ನಿಮ್ಮ ಕರೆ ನಮಗೆ ಮುಖ್ಯ' ಅನ್ನುವ ಆ ಹೆಂಗಸಿನ ಹತ್ತಿರ ಹೇಳಿಸಬೇಡಿ. ಮನುಷ್ಯರು ಯಾರಾದರೂ ಹೇಳಿ.