ವಾಟ್ಸನ್ ಹೋಟೆಲಿನ ಮುಂದೆ ನನ್ನ ಕೈಯಿಂದ ಮೈಕು ಕಸಿದವರಿಗೆ

ಮುಂಬಯಿಯ ಹಳೆಯ ಕಟ್ಟಡಗಳನ್ನು ತೋರಿಸುತ್ತ ನಾನು ವಿವರಣೆ ಕೊಡುವ ನಡಿಗೆಯಲ್ಲಿ ಇವತ್ತು ಬೆಳಿಗ್ಗೆ ನಡೆದದ್ದನ್ನು ನುಂಗಿಕೊಂಡು ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ಆ ಹಿರಿಯರ ಮೇಲೆ ನನಗೆ ದ್ವೇಷವಿಲ್ಲ. ಆದರೆ ನಡಿಗೆಗೆ ಬಂದವರೆಲ್ಲರ ಎದುರು, ನಾನು ಮಾತಿನ ನಡುವಿನಲ್ಲಿದ್ದಾಗ ಮೈಕು ಕಿತ್ತುಕೊಂಡು, "ಏನಮ್ಮಾ, ಅಸಲು ವಿಷಯವನ್ನೇ ಬಿಟ್ಟುಬಿಟ್ಟಿರಲ್ಲ" ಎಂದರಲ್ಲ, ಅದನ್ನು ಹೇಗೆ ಮರೆಯಲಿ?

ಅವರು ಹೇಳಿದ "ಅಸಲು ವಿಷಯ" ಎಲ್ಲರೂ ಕೇಳಿರುವ ಕಥೆಯೇ. ಭಾರತೀಯನೆಂಬ ಕಾರಣಕ್ಕೆ ಜಮ್ಷೆಟ್‌ಜಿ ಟಾಟಾ ಅವರನ್ನು ವಾಟ್ಸನ್ ಹೋಟೆಲಿನ ಒಳಗೆ ಬಿಡಲಿಲ್ಲ, ಆ ಅವಮಾನಕ್ಕೆ ಉತ್ತರವಾಗಿ ಅವರು ತಾಜ್ ಹೋಟೆಲ್ ಕಟ್ಟಿಸಿದರು ಎಂಬ ಕಥೆ. ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ ಗಟ್ಟಿ ಆಧಾರವಿಲ್ಲವೆಂದು ಇತಿಹಾಸ ಬರೆದವರು ಬಹಳ ಹಿಂದಿನಿಂದಲೇ ಸಂಶಯಿಸಿದ್ದಾರೆ. ಜನ ಚಪ್ಪಾಳೆ ತಟ್ಟಿದರು. ನಾನು ಕೈಯಲ್ಲಿ ಹಾಳೆ ಹಿಡಿದು, ಏನೂ ತಿಳಿಯದವಳ ಹಾಗೆ ಪಕ್ಕದಲ್ಲಿ ನಿಂತಿದ್ದೆ. ಒಬ್ಬರು ತಿರುಗಿ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣಿನಲ್ಲಿದ್ದದ್ದು ಕನಿಕರ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆ ಕಥೆಯನ್ನು ನಾನು ಬಿಟ್ಟಿರಲಿಲ್ಲ, ಅದಕ್ಕೆ ಬೇರೊಂದು ಜಾಗ ಇಟ್ಟಿದ್ದೆ. ಆ ನಿಲುಗಡೆಗೆ ನನಗೆ ಸಿಗುವುದು ನಾಲ್ಕು ನಿಮಿಷ. ರಸ್ತೆಯ ಬದಿಯಲ್ಲಿ, ಹಾರ್ನ್ ಕೂಗಿದಾಗಲೆಲ್ಲ ತಡೆದು ನಿಂತು ಮಾತಾಡುವಾಗ ನಿಮಿಷಕ್ಕೆ ಎಂಬತ್ತು ಪದ ದಾಟುವುದು ಕಷ್ಟ. ಅಂದರೆ ಇಡೀ ನಿಲುಗಡೆಗೆ 320 ಪದ. ಅಷ್ಟರಲ್ಲಿ ಮೊದಲ ವಾಕ್ಯ ಕಣ್ಣಿಗೆ ದಾರಿ ತೋರಿಸಬೇಕು: "ಮೇಲಿನ ಬಾಲ್ಕನಿಗಳನ್ನೂ ಅವನ್ನು ಹೊತ್ತಿರುವ ಕಬ್ಬಿಣದ ಕಂಬಗಳನ್ನೂ ನೋಡಿ." ಜನ ಕತ್ತೆತ್ತಿ ನೋಡಿದ ಮೇಲೆಯೇ, ಈ ಎರಕದ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಬಿಡಿಭಾಗಗಳಾಗಿ ಹಡಗಿನಲ್ಲಿ ತಂದು, 1860ರ ದಶಕದಲ್ಲಿ ಇಲ್ಲಿ ಜೋಡಿಸಿದರು ಎಂಬುದಕ್ಕೆ ಅರ್ಥ ಬರುತ್ತದೆ. ಇಸವಿಯನ್ನು ಮೊದಲು ಹೇಳಿದರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ಕೇಳುಗರು ಫೋನು ತೆಗೆದರೆಂದರೆ ನಾನು ಅವರನ್ನು ಕಳೆದುಕೊಂಡೆ ಎಂದೇ ಲೆಕ್ಕ.

ನಂತರ ಒಂದೇ ಒಂದು ವರ್ಷವನ್ನು ಹಿಡಿದುಕೊಂಡಿದ್ದೆ, 1896. ಆ ವರ್ಷದ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಭಾರತದಲ್ಲಿ ಮೊದಲ ಬಾರಿ ತೆರೆಯ ಮೇಲೆ ಮೂಡಿದ್ದು ಈ ಹೋಟೆಲಿನಲ್ಲಿ. ಎರಡೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಬೊಂಬಾಯಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡುತ್ತಿದ್ದ ನಗರದಲ್ಲಿ ಒಬ್ಬ ಉದ್ಯಮಿ ಇನ್ನೊಂದು ದೊಡ್ಡ ಹೋಟೆಲಿಗೆ ಹಣ ಹಾಕಿದ್ದು ಏಕೆ? ಈ ಪ್ರಶ್ನೆಯನ್ನು ಕೇಳಿ, ಉತ್ತರ ಕೊಡದೆ, ನಡೆಯಲು ಶುರುಮಾಡಬೇಕು. ತಾಜ್ ಇರುವ ಅಪೋಲೊ ಬಂದರಿನವರೆಗಿನ ಸುಮಾರು ಹತ್ತು ನಿಮಿಷದ ಬಿಸಿಲಿನಲ್ಲಿ ಜನರನ್ನು ಎಳೆದುಕೊಂಡು ಹೋಗುವುದು ಆ ಪ್ರಶ್ನೆಯೇ. 1903ರಲ್ಲಿ ಬಾಗಿಲು ತೆರೆದ ತಾಜ್‌ನ ಎದುರು, ಸಮುದ್ರದ ಗಾಳಿಯಲ್ಲಿ ನಿಂತು, ಆ ಅವಮಾನದ ಕಥೆಯನ್ನು ಕಥೆಯೆಂದೇ ಹೇಳಿ, ಅದಕ್ಕೆ ದಾಖಲೆಯ ಬೆಂಬಲ ಏಕಿಲ್ಲವೆಂದು ತೋರಿಸಿ, ಪ್ಲೇಗಿನಿಂದ ಕಂಗೆಟ್ಟ ನಗರಕ್ಕೆ ಮತ್ತೆ ಜನರನ್ನು ಸೆಳೆಯುವ ಆಸೆ ಟಾಟಾ ಅವರಿಗಿದ್ದಿರಬಹುದು ಎಂಬ ಇನ್ನೊಂದು ವಾದವನ್ನು ಮುಂದಿಡುವುದು ನನ್ನ ಯೋಜನೆ.

ಇವತ್ತು ತಾಜ್ ಎದುರು ನಾನು ಹೇಳಲು ಏನೂ ಉಳಿದಿರಲಿಲ್ಲ. ಉತ್ತರ ಮೊದಲೇ ಸಿಕ್ಕಿದ್ದವರು ಗೇಟ್‌ವೇ ಕಡೆ ತಿರುಗಿ ಫೋಟೊ ತೆಗೆದುಕೊಳ್ಳುತ್ತಿದ್ದರು. "ಅದಕ್ಕೆ ಆಧಾರವಿಲ್ಲ" ಎಂದು ನಾನು ಆಗ ಹೇಳಿದ್ದರೆ ಅದು ಹಿರಿಯರ ಮಾತಿಗೆ ಎದುರಾಡಿದಂತೆ ಕೇಳಿಸುತ್ತಿತ್ತು, ಆದ್ದರಿಂದ ಹೇಳಲಿಲ್ಲ. ಅಲ್ಲಿದ್ದವರೆಲ್ಲ ಅದನ್ನು ನಿಜವೆಂದೇ ನಂಬಿಕೊಂಡು ಮಾಟುಂಗಾಕ್ಕೋ ಡೊಂಬಿವಲಿಗೋ ರೈಲು ಹತ್ತಿದರು.

ಬಿಡಿ, ವಯಸ್ಸಾದವರು, ಈ ಊರಿನ ಮೇಲೆ ಪ್ರೀತಿ ಇರುವವರು, ಅವರಿಗೆ ಯಾರು ಹೇಳುವುದು ಎಂದು ಮಧ್ಯಾಹ್ನ ನಾನೇ ಸಮಾಧಾನ ಮಾಡಿಕೊಂಡೆ. ಇಲ್ಲ, ಬಿಡಲಾಗುವುದಿಲ್ಲ. ಸಂಜೆ ನಡಿಗೆ ಏರ್ಪಡಿಸುವ ಸಂಘದ ಕಾರ್ಯದರ್ಶಿಗಳು ಫೋನು ಮಾಡಿ, "ಜನಕ್ಕೆ ಅದೇ ಇಷ್ಟವಾಯಿತಲ್ಲ, ಮುಂದಿನ ಸಲದಿಂದ ಅದನ್ನೇ ಮೊದಲು ಇಟ್ಟುಬಿಡಿ" ಎಂದರು. ಇಷ್ಟವಾಯಿತು ಎಂಬುದು ಸುಳ್ಳಲ್ಲ. ಆದರೆ ನಡಿಗೆ ಇರುವುದು ಒಂದು ಚಪ್ಪಾಳೆಗಾಗಿಯೇ? ಆ ಸಾಲಿನ ಪಕ್ಕದಲ್ಲಿ "ಇದು ಜನಪ್ರಿಯ ಕಥೆ, ಸಾಬೀತಾದದ್ದಲ್ಲ" ಎಂಬ ಮಾತನ್ನು ಓದಲು ನನಗೆ ಬಿಡುತ್ತಾರೆಯೇ, ಅಥವಾ ಅದನ್ನೂ ತೆಗೆಯಬೇಕೇ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ನಡಿಗೆಗೆ ಹಣ ಹೊಂದಿಸುವವರಾದರೂ, ಇವತ್ತು ಬಂದಿದ್ದವರಾದರೂ, ಯಾರಾದರೂ ಉತ್ತರಿಸಿ. ಅಲ್ಲಿಯವರೆಗೆ ಆ ಹಾಳೆಯಲ್ಲಿ ನಾನು ಒಂದಕ್ಷರವನ್ನೂ ಬದಲಿಸುವುದಿಲ್ಲ.