ಐವತ್ತು ಪಾಸಿಟಿವ್‌ಗಳು ಮತ್ತು ಒಂದು ‘ಮಿತಿಗಳು’ ಭಾಗ

ಸಂಶೋಧನಾ ಪ್ರಬಂಧವೊಂದು ಕೈಗೆ ಬಂದಾಗ ನಾನು ಸಾರಾಂಶವನ್ನು ಓದಿ, ನೇರವಾಗಿ ಕೊನೆಯಲ್ಲಿರುವ ‘ಅಧ್ಯಯನದ ಮಿತಿಗಳು’ ಎಂಬ ಭಾಗಕ್ಕೆ ಹೋಗುತ್ತೇನೆ. ಅಲ್ಲಿ ‘ಮಾದರಿಯ ಗಾತ್ರ ಚಿಕ್ಕದು, ಫಲಿತಾಂಶಗಳನ್ನು ಎಲ್ಲರಿಗೂ ಅನ್ವಯಿಸಲಾಗದು, ಹೆಚ್ಚಿನ ಅಧ್ಯಯನ ಅಗತ್ಯ’ ಎಂಬ ಮೂರು ಮಾತುಗಳಷ್ಟೇ ಇದ್ದರೆ ಲೇಖಕರು ಏನನ್ನೂ ಹೇಳಿಲ್ಲವೆಂದೇ ನಾನು ತಿಳಿಯುತ್ತೇನೆ. ಆದರೆ ಇಂತಹ ಪ್ರಬಂಧಗಳನ್ನು ಗುರುತಿಸುವುದು ಸುಲಭ. ನಿಜವಾದ ದೋಷವನ್ನು ಹೆಸರಿಸಿಯೂ ಅದರ ಪರಿಣಾಮವನ್ನು ತೀರ್ಮಾನದವರೆಗೆ ಒಯ್ಯದ ಪ್ರಬಂಧಗಳನ್ನು ಅಳೆಯುವುದು ಕಷ್ಟ. ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ, 2020ರ ಏಪ್ರಿಲ್‌ನಲ್ಲಿ ಪ್ರೀಪ್ರಿಂಟ್ ರೂಪದಲ್ಲಿ, ಅಂದರೆ ಇತರ ತಜ್ಞರ ಪರಿಶೀಲನೆಗೆ ಮೊದಲೇ, ಹೊರಬಂದ ಸಾಂಟಾ ಕ್ಲಾರಾ ಪ್ರತಿಕಾಯ ಸಮೀಕ್ಷೆ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ, ಅಂದರೆ ನಮ್ಮ ಎಷ್ಟೋ ಕನ್ನಡಿಗರು ನೆಲೆಸಿರುವ ಸಿಲಿಕಾನ್ ಕಣಿವೆಯಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ ಏಪ್ರಿಲ್ ಮೊದಲ ವಾರದಲ್ಲಿ 3,330 ಜನರ ರಕ್ತವನ್ನು, ಹಿಂದೆ ಸೋಂಕು ತಗುಲಿತ್ತೆಂದು ತೋರಿಸುವ ಕೋವಿಡ್ ಪ್ರತಿಕಾಯಗಳಿಗಾಗಿ ಪರೀಕ್ಷಿಸಿತು. ಐವತ್ತು ಜನರಲ್ಲಿ ಪರೀಕ್ಷೆ ಪಾಸಿಟಿವ್ ಬಂತು, ಅಂದರೆ ಶೇಕಡಾ 1.5. ಪಿನ್‌ಕೋಡ್, ಲಿಂಗ ಮತ್ತು ಜನಾಂಗಗಳ ಪ್ರಮಾಣ ಕೌಂಟಿಯ ಜನಸಂಖ್ಯೆಗೆ ಹೊಂದುವಂತೆ ತೂಕ ನೀಡಿ ಲೆಕ್ಕ ಹಾಕಿದಾಗ ಅದು ಶೇಕಡಾ 2.81ಕ್ಕೆ ಏರಿತು. ಪರೀಕ್ಷೆಯ ನಿಖರತೆಗಾಗಿಯೂ ಸರಿಪಡಿಸಿದ ಬಳಿಕ ಕೌಂಟಿಯಲ್ಲಿ 48,000ದಿಂದ 81,000 ಜನರಿಗೆ ಸೋಂಕು ತಗುಲಿರಬಹುದೆಂದೂ, ಇದು ಅಧಿಕೃತವಾಗಿ ದೃಢಪಟ್ಟ ಪ್ರಕರಣಗಳ 50ರಿಂದ 85 ಪಟ್ಟು ಎಂದೂ ಸಾರಾಂಶ ಹೇಳಿತು. ಸೋಂಕಿತರು ಅಷ್ಟೊಂದು ಮಂದಿಯಿದ್ದರೆ ಸಾವಿನ ಪ್ರಮಾಣ ಎಲ್ಲರೂ ಭಾವಿಸಿದ್ದಕ್ಕಿಂತ ತೀರಾ ಕಡಿಮೆ ಎಂದಾಗುತ್ತದೆ. ಲಾಕ್‌ಡೌನ್ ಬೇಕೇ ಬೇಡವೇ ಎಂಬ ವಾದದ ಕಾವಿನಲ್ಲಿ ಆ ಸಂಖ್ಯೆ ಎಲ್ಲೆಡೆ ಹರಡಿತು.

ಈ ಪ್ರಬಂಧ ತನ್ನ ಮಿತಿಗಳನ್ನು ಮುಚ್ಚಿಟ್ಟಿರಲಿಲ್ಲ. ಸ್ವಯಂಸೇವಕರನ್ನು ಫೇಸ್‌ಬುಕ್ ಜಾಹೀರಾತಿನ ಮೂಲಕ ಕರೆದದ್ದರಿಂದ ಫೇಸ್‌ಬುಕ್ ಖಾತೆಯೂ ಪರೀಕ್ಷಾ ಕೇಂದ್ರಕ್ಕೆ ಬರಲು ಕಾರೂ ಇರುವವರು ಮಾತ್ರ ಆಯ್ಕೆಯಾದರು, ಬಿಳಿಯ ಮಹಿಳೆಯರ ಪ್ರಮಾಣ ಹೆಚ್ಚಾಯಿತು, ಹಿಸ್ಪಾನಿಕ್ ಮತ್ತು ಏಷ್ಯನ್ ಜನರ ಪ್ರಮಾಣ ಕಡಿಮೆಯಾಯಿತು ಎಂದು ಲೇಖಕರೇ ಬರೆದಿದ್ದಾರೆ. ಆರೋಗ್ಯವಂತರು ಹೆಚ್ಚಾಗಿ ಬಂದಿರಬಹುದು, ಹಿಂದೆ ಜ್ವರ ಕೆಮ್ಮು ಬಂದವರು ‘ನನಗೂ ಬಂದಿತ್ತೇ’ ಎಂದು ತಿಳಿಯಲು ಬಂದಿರಬಹುದು ಎಂದೂ ಹೇಳಿದ್ದಾರೆ. ಇಷ್ಟು ನಿರ್ದಿಷ್ಟವಾಗಿ ಬರೆದ ಮೇಲೆ, ಈ ಪಕ್ಷಪಾತಗಳ ಒಟ್ಟು ಪರಿಣಾಮವನ್ನು ನಿರ್ಧರಿಸುವುದು ಕಷ್ಟವೆಂದು ಹೇಳಿ ಮುಂದೆ ಹೋಗಿದ್ದಾರೆ.

ನನ್ನ ತಕರಾರು ಇರುವುದು ಆ ಕೊನೆಯ ವಾಕ್ಯದಲ್ಲಿ. ಒಂದು ದೋಷ ಫಲಿತಾಂಶವನ್ನು ಯಾವ ದಿಕ್ಕಿಗೆ ಎಳೆಯುತ್ತದೆ, ಎಷ್ಟು ಎಳೆಯಬಲ್ಲದು ಎಂದು ಹೇಳದಿದ್ದರೆ ಓದುಗನಿಗೆ ಅದರಿಂದ ಏನೂ ಸಿಗುವುದಿಲ್ಲ. ಪರೀಕ್ಷೆಗಳೇ ಸಿಗದಿದ್ದ ಆ ದಿನಗಳಲ್ಲಿ ತನಗೆ ಸೋಂಕು ತಗುಲಿತ್ತೆಂಬ ಅನುಮಾನವಿದ್ದವನು ಉಚಿತ ಪರೀಕ್ಷೆಗೆ ಬರುವ ಸಂಭವ ಹೆಚ್ಚು, ಆದ್ದರಿಂದ ಅಂದಾಜು ಮೇಲಕ್ಕೆ ಹೋಗುತ್ತದೆ. ಇದನ್ನು ಒರೆಗೆ ಹಚ್ಚುವ ದಾರಿಯೂ ಇತ್ತು. ಭಾಗವಹಿಸಿದವರಿಂದ ಹಿಂದಿನ ರೋಗಲಕ್ಷಣಗಳ ಮಾಹಿತಿಯನ್ನು ತಂಡ ಸಂಗ್ರಹಿಸಿತ್ತು. ಲಕ್ಷಣವಿದ್ದವರಲ್ಲಿ ಎಷ್ಟು ಪಾಸಿಟಿವ್, ಇಲ್ಲದವರಲ್ಲಿ ಎಷ್ಟು ಎಂದು ಬಿಡಿಸಿ ತೋರಿಸಿ, ಲಕ್ಷಣವಿದ್ದವರು ಎರಡು ಪಟ್ಟು ಹೆಚ್ಚಾಗಿ ಬಂದಿದ್ದರೆ ಅಂದಾಜು ಎಷ್ಟಕ್ಕೆ ಇಳಿಯುತ್ತದೆ ಎಂದು ಒಂದು ಸಾಲಿನಲ್ಲಿ ಹೇಳಬಹುದಿತ್ತು. ಕೈಯಲ್ಲಿರುವ ದತ್ತಾಂಶದಿಂದ ಒಂದಿಷ್ಟಾದರೂ ಅಳೆಯಬಹುದಾದ ದೋಷವನ್ನು ‘ಅಳೆಯುವುದು ಕಷ್ಟ’ ಎಂದು ಬಿಡುವುದನ್ನು ನಾನು ಪ್ರಾಮಾಣಿಕ ಒಪ್ಪಿಗೆಯೆಂದು ಎಣಿಸಲಾರೆ. ವಯಸ್ಸಿನ ವಿಚಾರವೂ ಹೀಗೆಯೇ: 19ರಿಂದ 64ರ ವಯಸ್ಸಿನವರು ಹೆಚ್ಚಾಗಿದ್ದರೆಂದು ಹೇಳಿದ ಪ್ರಬಂಧವು ತೂಕ ನೀಡುವಾಗ ವಯಸ್ಸನ್ನು ಸೇರಿಸಲಿಲ್ಲ.

ಎರಡನೆಯ ಮಿತಿಯ ಕಥೆ ಬೇರೆ. ಸೋಂಕಿಲ್ಲದವರನ್ನು ಪರೀಕ್ಷೆಯು ಸರಿಯಾಗಿ ನೆಗೆಟಿವ್ ಎಂದು ತೋರಿಸುವ ಪ್ರಮಾಣಕ್ಕೆ ಸ್ಪೆಸಿಫಿಸಿಟಿ ಎನ್ನುತ್ತಾರೆ. ಕೋವಿಡ್ ಬರುವ ಮೊದಲೇ ಸಂಗ್ರಹಿಸಿದ್ದ 371 ರಕ್ತದ ಮಾದರಿಗಳಲ್ಲಿ ಪರೀಕ್ಷಾ ಕಿಟ್‌ನ ತಯಾರಕರು ಎರಡು ಹುಸಿ ಪಾಸಿಟಿವ್ ಕಂಡಿದ್ದರು, ಸ್ಟ್ಯಾನ್‌ಫರ್ಡ್‌ನ 30 ಮಾದರಿಗಳಲ್ಲಿ ಒಂದೂ ಬಂದಿರಲಿಲ್ಲ. ಇವೆರಡನ್ನೂ ಕೂಡಿಸಿದರೆ ಸ್ಪೆಸಿಫಿಸಿಟಿ ಶೇಕಡಾ 99.5. ಆದರೆ 401 ಮಾದರಿಗಳಿಂದ ಬಂದ ಸಂಖ್ಯೆಯಾದ್ದರಿಂದ ಅದರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಬೆಲೆ ಇರಬಹುದಾದ ಎಲ್ಲೆ, 98.3ರಿಂದ 99.9ರವರೆಗೆ ಚಾಚಿತ್ತು. ಈಗ ಲೆಕ್ಕ ಹಾಕಿ ನೋಡೋಣ. 3,330 ಜನರಲ್ಲಿ ಯಾರಿಗೂ ಸೋಂಕು ತಗುಲಿರಲಿಲ್ಲವೆಂದು ಇಟ್ಟುಕೊಂಡರೂ, ಸ್ಪೆಸಿಫಿಸಿಟಿ 99.5 ಆಗಿದ್ದರೆ ಸುಮಾರು 17 ಹುಸಿ ಪಾಸಿಟಿವ್‌ಗಳು ಬರುತ್ತವೆ, 98.5 ಆಗಿದ್ದರೆ 50 ಬರುತ್ತವೆ, 98.3 ಆಗಿದ್ದರೆ 57 ಬರುತ್ತವೆ. ಅಂದರೆ ಪ್ರಬಂಧವೇ ಒಪ್ಪಿಕೊಂಡ ವ್ಯಾಪ್ತಿಯೊಳಗೆ, ಕಂಡುಬಂದ ಐವತ್ತೂ ಪಾಸಿಟಿವ್‌ಗಳು ಹುಸಿಯಾಗಿರುವ ಸಾಧ್ಯತೆ ಸೇರಿತ್ತು.

ಲೇಖಕರು ಇದರ ಬಗ್ಗೆ ಮೌನವಾಗಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸ್ಪೆಸಿಫಿಸಿಟಿ 97.9ಕ್ಕಿಂತ ಕಡಿಮೆಯೆಂದು ಮುಂದೆ ಗೊತ್ತಾದರೆ ತಮ್ಮ ಅಂದಾಜು 2.8ರಿಂದ ಶೇಕಡಾ ಒಂದಕ್ಕಿಂತ ಕೆಳಗಿಳಿಯುತ್ತದೆ, ಅದರ ಕೆಳಮಿತಿ ಸೊನ್ನೆಯನ್ನು ಮುಟ್ಟುತ್ತದೆ ಎಂದು ಅವರೇ ಬರೆದಿದ್ದರು. ಯಾವ ಸಂಖ್ಯೆ ಬದಲಾದರೆ, ಎಷ್ಟು ಬದಲಾದರೆ, ತೀರ್ಮಾನ ಎಲ್ಲಿಗೆ ಬರುತ್ತದೆ ಎಂಬ ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳಿದ್ದಾರೆ. ಮಿತಿಯೊಂದನ್ನು ಬರೆಯುವ ರೀತಿ ಇದೇ, ಇಂತಹ ವಾಕ್ಯ ಪ್ರಬಂಧಗಳಲ್ಲಿ ವಿರಳ.

ಆದರೂ ಅದನ್ನು ಎರಡು ಸಲ ಓದಬೇಕು. 97.9 ಎಂಬ ಗಡಿ 98.3ರ ಕೆಳಗಿದೆ, ಆದ್ದರಿಂದ ಅಪಾಯ ವ್ಯಾಪ್ತಿಯ ಹೊರಗಿದೆಯೆಂಬ ಭಾವನೆ ಓದುಗನಿಗೆ ಬರುತ್ತದೆ. ಆ ಗಡಿ, ತೂಕ ನೀಡಿ ಸುಮಾರು ಇಮ್ಮಡಿಯಾದ 2.81ರ ಮೇಲೆ ನಿಂತಿದೆ. ತೂಕ ನೀಡದ ಕಚ್ಚಾ ಎಣಿಕೆಯ ಮೇಲೆ ನಿಂತರೆ ಅಂದಾಜು ಸೊನ್ನೆಗೇ ಇಳಿಯುವ ಗಡಿ 98.5, ಅದು ವ್ಯಾಪ್ತಿಯ ಒಳಗೇ ಇದೆ. ಮಾದರಿಯಲ್ಲಿ ಕಡಿಮೆಯಿದ್ದ ಗುಂಪುಗಳ ಕೆಲವೇ ಪಾಸಿಟಿವ್‌ಗಳಿಗೆ ಹೆಚ್ಚು ತೂಕ ಸಿಕ್ಕಿದ್ದರಿಂದ ಏರಿದ ಸಂಖ್ಯೆಯನ್ನು ಸುರಕ್ಷತೆಯ ಆಧಾರವಾಗಿ ಬಳಸುವಾಗ, ಆ ಏರಿಕೆ ಎಷ್ಟು ಗಟ್ಟಿ ಎಂಬುದನ್ನೂ ಹೇಳಬೇಕಿತ್ತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಒಳ್ಳೆಯ ವಾಕ್ಯ ಪ್ರಬಂಧದ ಒಳಗೇ ಉಳಿದುಹೋಯಿತು. ಸಾರಾಂಶದಲ್ಲಿದ್ದ ಅತಿ ಕೆಳಗಿನ ಅಂದಾಜಿನ ವ್ಯಾಪ್ತಿ 1.80ರಿಂದ ಶುರುವಾಗುತ್ತಿತ್ತು, ಸೊನ್ನೆಯ ಸುಳಿವು ಅಲ್ಲಿರಲಿಲ್ಲ. ಸುದ್ದಿಗೆ ಹೋದದ್ದು ಸಾರಾಂಶ ಮಾತ್ರ.

ತೀವ್ರ ಟೀಕೆಯ ನಂತರ ಅದೇ ತಿಂಗಳು ಬಂದ ಪರಿಷ್ಕೃತ ಆವೃತ್ತಿಯಲ್ಲಿ ಸ್ಪೆಸಿಫಿಸಿಟಿಯ ಆಧಾರ 401ರಿಂದ 3,324 ಮಾದರಿಗಳಿಗೆ ಬೆಳೆದಿತ್ತು, ಅವುಗಳಲ್ಲಿ ಹುಸಿ ಪಾಸಿಟಿವ್ ಹದಿನಾರು. ಮಧ್ಯದ ಅಂದಾಜು 2.8ರಲ್ಲೇ ಉಳಿಯಿತು, ಆದರೆ ಅದರ ವ್ಯಾಪ್ತಿ 1.3ರಿಂದ 4.7ಕ್ಕೆ ಅಗಲವಾಯಿತು, ಸೋಂಕಿತರ ಸಂಖ್ಯೆ 25,000ದಿಂದ 91,000ದ ನಡುವೆ ಎಂದಾಯಿತು. ಹೆಚ್ಚು ಮಾದರಿಗಳು ಸಿಕ್ಕ ಮೇಲೂ ವ್ಯಾಪ್ತಿ ಅಗಲವಾಗಿದ್ದು, ಮೊದಲ ಆವೃತ್ತಿಯಲ್ಲಿ ಅನಿಶ್ಚಿತತೆಯ ಲೆಕ್ಕ ಎಷ್ಟು ಕಡಿಮೆಯಾಗಿತ್ತೆಂಬುದನ್ನು ತೋರಿಸುತ್ತದೆ. ಪರೀಕ್ಷೆಯ ದೋಷಕ್ಕೆ ಗಡಿಯನ್ನು ಹೆಸರಿಸಿದ್ದರಿಂದಲೇ ಯಾವ ದತ್ತಾಂಶ ತಂದರೆ ಅದು ತೀರುತ್ತದೆಂದು ಎಲ್ಲರಿಗೂ ತಿಳಿಯಿತು, ತೀರಿಸಲೂ ಸಾಧ್ಯವಾಯಿತು. ಫೇಸ್‌ಬುಕ್ ಮೂಲಕ ಬಂದವರ ಪ್ರಶ್ನೆಗೆ ಅಂತಹ ಗಡಿಯೇ ಇರಲಿಲ್ಲ. ಇಂತಹ ಪ್ರಬಂಧ ಪರಿಶೀಲನೆಗೆ ಬಂದರೆ ನಾನು ಲೇಖಕರಿಂದ ಕೇಳುವುದು ಒಂದೇ ವಾಕ್ಯ: ‘ಲಕ್ಷಣವಿದ್ದವರು ಇಷ್ಟು ಪಟ್ಟು ಹೆಚ್ಚಾಗಿ ಬಂದಿದ್ದರೆ ನಮ್ಮ 50 ಪಟ್ಟು ಎಂಬ ಮಾತು ಇಷ್ಟು ಪಟ್ಟಿಗೆ ಇಳಿಯುತ್ತದೆ.’ ಅದನ್ನು ಬರೆದು ಸಾರಾಂಶದಲ್ಲಿ ಸೇರಿಸುವವರೆಗೆ ಪ್ರಕಟಣೆಗೆ ಶಿಫಾರಸು ಮಾಡುವುದಿಲ್ಲ.